ತಿಂಗಳ ಒನ್-ಆನ್-ಒನ್ ಬರೀ ಸ್ಟೇಟಸ್ ಮೀಟಿಂಗ್ ಆಗದಿರಲು

ಪ್ರಶ್ನೆ: ನನ್ನ ಟೀಮಿನಲ್ಲಿ ಆರು ಜನ ಇದ್ದಾರೆ. ಒಬ್ಬೊಬ್ಬರ ಜೊತೆ ತಿಂಗಳಿಗೊಮ್ಮೆ ಒಂದು ಗಂಟೆ ಒನ್-ಆನ್-ಒನ್ ಮಾಡುತ್ತೇನೆ. ಯಾವ ಕೆಲಸ ಎಲ್ಲಿಗೆ ಬಂತು ಅನ್ನುವುದರಲ್ಲೇ ಆ ಗಂಟೆ ಮುಗಿದುಹೋಗುತ್ತದೆ. ಕೊನೆಗೆ "ಮುಂದೆ ಏನು ಕಲಿಯಬೇಕು ಅಂತಿದ್ದೀರಿ?" ಎಂದು ಕೇಳಿದರೆ "ಏನಾದರೂ ಸರಿ ಸರ್, ನೀವೇ ಹೇಳಿ" ಅನ್ನುತ್ತಾರೆ. ಅವರ ಬೆಳವಣಿಗೆಯ ಮಾತು ನಿಜವಾಗಿ ನಡೆಯಬೇಕಾದರೆ ಈ ಮೀಟಿಂಗನ್ನು ಹೇಗೆ ನಡೆಸಬೇಕು?

ಉತ್ತರ: "ನೀವೇ ಹೇಳಿ" ಅಂದವರಿಗೆ ಕಲಿಯುವ ಆಸಕ್ತಿ ಇಲ್ಲ ಎಂದು ತಿಳಿಯಬೇಡಿ. ಅರ್ಧ ಗಂಟೆಗೂ ಹೆಚ್ಚು ಹೊತ್ತು ಅವರು ನಿಮಗೆ ಲೆಕ್ಕ ಒಪ್ಪಿಸಿದ್ದಾರೆ. ಯಾವುದು ತಡವಾಯಿತು, ಯಾಕೆ ತಡವಾಯಿತು ಎಂದು ಸಮಜಾಯಿಷಿ ಕೊಟ್ಟಿದ್ದಾರೆ. ಅದೇ ಕುರ್ಚಿಯಲ್ಲಿ ಕೂತು, ತಮ್ಮ ಅಪ್ರೈಸಲ್ ಬರೆಯುವವರ ಮುಂದೆ, ತಮಗೆ ಏನು ಬರುವುದಿಲ್ಲ ಎಂದು ಕೊನೆಯ ಐದು ನಿಮಿಷದಲ್ಲಿ ಬಾಯಿಬಿಟ್ಟು ಹೇಳುವುದು ಯಾರಿಗೂ ಸುಲಭವಲ್ಲ. ಮೇಲಾಗಿ ಆ ಪ್ರಶ್ನೆಗೆ ಹಿಡಿದು ಮಾತಾಡಲು ಯಾವ ಎಳೆಯೂ ಇಲ್ಲ. ಹಾಗಾಗಿ ಬದಲಾಯಿಸಬೇಕಾದದ್ದು ಎರಡು. ಮೊದಲನೆಯದು ಮೀಟಿಂಗಿನ ಕ್ರಮ. ಎರಡನೆಯದು, ಇದು ಹೆಚ್ಚು ಮುಖ್ಯ, ಬೆಳವಣಿಗೆಯ ಮಾತು ಯಾವುದರ ಮೇಲೆ ನಿಲ್ಲಬೇಕು ಅನ್ನುವುದು. ಅದು "ಮುಂದಿನ ಐದು ವರ್ಷ"ದ ಮೇಲೆ ನಿಲ್ಲುವುದಿಲ್ಲ, ಕಳೆದ ತಿಂಗಳು ಅವರೇ ಮಾಡಿದ ಒಂದು ಕೆಲಸದ ಮೇಲೆ ನಿಲ್ಲುತ್ತದೆ.

ಕ್ರಮದ ವಿಚಾರ ಬೇಗ ಮುಗಿಸೋಣ. ಸ್ಟೇಟಸ್ ಕೇಳಲು ಬೇರೆ ದಾರಿ ಇಲ್ಲದಿದ್ದರೆ ಅದು ಈ ಮೀಟಿಂಗಿಗೇ ನುಗ್ಗುತ್ತದೆ. "ಇವತ್ತು ಸ್ಟೇಟಸ್ ಬೇಡ" ಎಂದು ಎಷ್ಟು ಸಲ ಹೇಳಿದರೂ ತಡೆಯಲಾಗದು, ಏಕೆಂದರೆ ಆ ಮಾಹಿತಿ ನಿಮಗೆ ನಿಜವಾಗಿಯೂ ಬೇಕು. ಆದ್ದರಿಂದ ವಾರಕ್ಕೊಮ್ಮೆ ಒಬ್ಬೊಬ್ಬರಿಗೂ 15 ನಿಮಿಷ ಕೊಡಿ, ಬರೀ ಕೆಲಸದ ವಿಚಾರಕ್ಕೆ. ಆರು ಜನಕ್ಕೆ ವಾರಕ್ಕೆ ಒಂದೂವರೆ ಗಂಟೆಯಾಗುತ್ತದೆ. ತಿಂಗಳ ಒನ್-ಆನ್-ಒನ್ ಹಿಂದಿನ ದಿನ ಐದಾರು ಸಾಲಿನ ಒಂದು ಟಿಪ್ಪಣಿ ಅವರಿಂದ ಬರಲಿ: ಏನು ಮುಗಿಯಿತು, ಎಲ್ಲಿ ಸಿಕ್ಕಿಕೊಂಡಿದೆ, ಯಾವುದಕ್ಕೆ ನಿಮ್ಮ ನಿರ್ಧಾರ ಬೇಕು. ಅದನ್ನು ಅವತ್ತೇ ಓದಿ, ಉತ್ತರವನ್ನೂ ಬರೆದೇ ಕಳಿಸಿ. ನೀವು ಓದಿಲ್ಲ ಎಂದು ಒಂದು ಸಲ ಗೊತ್ತಾದರೆ ಮುಂದಿನ ತಿಂಗಳಿಂದ ಅದನ್ನೆಲ್ಲ ಬಾಯಲ್ಲೇ ಹೇಳಲು ಶುರುಮಾಡುತ್ತಾರೆ, ಮತ್ತೆ ಹಳೆಯ ಸ್ಥಿತಿಗೇ ಬರುತ್ತೀರಿ.

ಮೀಟಿಂಗಿನಲ್ಲಿ ಬೆಳವಣಿಗೆಯ ಮಾತು ಮೊದಲು, ಉಳಿದ ಕೆಲಸದ ಮಾತು ಕೊನೆಯ ಹತ್ತು ನಿಮಿಷ. ತಿರುಗಿಸಿ ಇಟ್ಟರೆ ಎಂದಿಗೂ ಆಗುವುದಿಲ್ಲ. ಕೆಲಸದ ಮಾತಿಗೆ ತುರ್ತು ಇರುತ್ತದೆ, ಕಲಿಕೆಯ ಮಾತಿಗೆ ಇರುವುದಿಲ್ಲ. ಮೊದಲು ಬಂದದ್ದು ಸಿಕ್ಕಷ್ಟೂ ಸಮಯ ತಿನ್ನುತ್ತದೆ.

ಇನ್ನು ಎರಡನೆಯ ವಿಚಾರ. ಒಬ್ಬೊಬ್ಬರಿಗೂ ಮೀಟಿಂಗಿಗೆ ಮುಂಚೆ ನೀವು 20 ನಿಮಿಷದ ತಯಾರಿ ಮಾಡಿಕೊಳ್ಳಬೇಕು. ಕಳೆದ ತಿಂಗಳು ಅವರು ಮಾಡಿದ್ದರಲ್ಲಿ ಒಂದು ಕೆಲಸ ಆರಿಸಿ, ಅದನ್ನು ತೆರೆದು ನೋಡಿ. ವರದಿಯಾದರೆ ಓದಿ, ಮೀಟಿಂಗ್ ನಡೆಸಿದ್ದರೆ ಅದರ ಟಿಪ್ಪಣಿ ನೋಡಿ, ಗ್ರಾಹಕರಿಗೆ ಬರೆದ ಇಮೇಲ್ ಆದರೆ ಇಡೀ ಸರಣಿ ನೋಡಿ. ನೆನಪಿನ ಮೇಲೆ ಹೋದರೆ ಕಳೆದ ವಾರದ್ದು ಮಾತ್ರ ಬಾಯಿಗೆ ಬರುತ್ತದೆ, ಅದೂ ಬಹುಮಟ್ಟಿಗೆ ಎಡವಟ್ಟಾದದ್ದು. ತಿಂಗಳ ಉದ್ದಕ್ಕೂ ಗಮನಕ್ಕೆ ಬಂದದ್ದನ್ನು ಆಗಾಗಲೇ ಒಂದು ಸಾಲು ಗುರುತುಹಾಕಿಕೊಂಡರೆ ತಯಾರಿ ಹಗುರವಾಗುತ್ತದೆ.

ಯಾವ ಕೆಲಸ ಆರಿಸಬೇಕು? ಒಂದು ಸುಲಭ ಗುರುತಿದೆ: ಅವರ ಯಾವ ಕೆಲಸಕ್ಕೆ ನೀವು ಇನ್ನೂ ಪ್ರತಿಸಲ ಕೈಹಾಕುತ್ತಿದ್ದೀರಿ ಎಂದು ನೋಡಿ. ತಿದ್ದುತ್ತೀರಾ, ಮಧ್ಯೆ ಬಂದು ಮಾತಾಡುತ್ತೀರಾ, ಕಳಿಸುವ ಮುಂಚೆ ನೋಡಲೇಬೇಕು ಅನ್ನಿಸುತ್ತದಾ? ಅವರ ಮುಂದಿನ ಮೆಟ್ಟಿಲು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಒಬ್ಬರು ಒಂದು ಕೆಲಸದಲ್ಲಿ ಬೆಳೆಯುವುದು ಹೀಗೆ: ಮೊದಲು ಹೇಳಿದಂತೆ ಮಾಡುತ್ತಾರೆ, ಆಮೇಲೆ ತಾವೇ ಮಾಡಿ ತೋರಿಸುತ್ತಾರೆ, ಆಮೇಲೆ ಕೇಳದೆ ನಿರ್ಧರಿಸಿ ತಿಳಿಸುತ್ತಾರೆ, ಕೊನೆಗೆ ಬೇರೆಯವರಿಗೆ ಕಲಿಸುತ್ತಾರೆ. ಒಂದು ತಿಂಗಳಿಗೆ ಒಂದು ಕೆಲಸದಲ್ಲಿ ಒಂದು ಮೆಟ್ಟಿಲು ಸಾಕು. ಮೂರು ಗುರಿ ಬರೆದಿಟ್ಟರೆ ಮೂರೂ ಹಾಗೇ ಉಳಿಯುತ್ತವೆ.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ನಿಮ್ಮ ಟೀಮಿನಲ್ಲಿ ನಾಲ್ಕು ವರ್ಷ ಅನುಭವದ ಒಬ್ಬ ಅನಾಲಿಸ್ಟ್ ಇದ್ದಾರೆ ಅಂದುಕೊಳ್ಳಿ. ತಿಂಗಳಿಗೊಮ್ಮೆ ಗ್ರಾಹಕರಿಗೆ ಎರಡು ಪುಟದ ವರದಿ ಬರೆಯುತ್ತಾರೆ. ಅಂಕಿಗಳಲ್ಲಿ ತಪ್ಪಿರುವುದಿಲ್ಲ. ಆದರೂ ಕಳಿಸುವ ಮುಂಚೆ ಪ್ರತಿ ತಿಂಗಳೂ ನೀವೇ ಅದನ್ನು ಅರ್ಧಕ್ಕರ್ಧ ತಿದ್ದಿ ಬರೆಯುತ್ತೀರಿ. ಅಪ್ರೈಸಲ್ ಹೊತ್ತಿಗೆ ಅವರಿಗೆ ಹೇಳುವುದು ಮಾತ್ರ "ಕಮ್ಯುನಿಕೇಷನ್ ಸುಧಾರಿಸಬೇಕು" ಎಂದು. ಈ ಮಾತಿನಿಂದ ಅವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಹೆಚ್ಚೆಂದರೆ ಒಂದು ಆನ್‌ಲೈನ್ ಕೋರ್ಸ್ ಸೇರುತ್ತಾರೆ.

ತಯಾರಿಯ 20 ನಿಮಿಷದಲ್ಲಿ ಅವರು ಬರೆದ ಪ್ರತಿ ಮತ್ತು ನೀವು ತಿದ್ದಿದ ಪ್ರತಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಿಜವಾಗಿ ನೀವು ಬದಲಾಯಿಸಿದ್ದು ಏನು? ಭಾಷೆಯಲ್ಲ. ಅವರ ಮೊದಲ ಪ್ಯಾರಾ "ಈ ತಿಂಗಳು ಈ ಈ ವಿಶ್ಲೇಷಣೆ ಮಾಡಲಾಯಿತು" ಎಂದು ಶುರುವಾಗುತ್ತದೆ. ಗ್ರಾಹಕರು ಏನು ನಿರ್ಧರಿಸಬೇಕು ಅನ್ನುವುದು ಎರಡನೆಯ ಪುಟದ ಕೆಳಗೆ ಎಲ್ಲೋ ಸಿಗುತ್ತದೆ. ನೀವು ಅದನ್ನು ಎತ್ತಿ ಮೇಲೆ ತಂದಿದ್ದೀರಿ, ಪ್ರತಿ ತಿಂಗಳೂ ಅದನ್ನೇ ಮಾಡಿದ್ದೀರಿ. ಈಗ "ಕಮ್ಯುನಿಕೇಷನ್" ಅನ್ನುವ ಗಾಳಿಮಾತು ಒಂದು ಕಲಿಯಬಹುದಾದ ವಿಷಯವಾಯಿತು: ಓದುವವರು ತೆಗೆದುಕೊಳ್ಳಬೇಕಾದ ನಿರ್ಧಾರವನ್ನು ಮೊದಲ ಮೂರು ಸಾಲಿನಲ್ಲಿ ಹೇಳುವುದು.

ಮೀಟಿಂಗಿನಲ್ಲಿ ಇದನ್ನು ನೇರವಾಗಿ ಅವರ ಮುಂದೆ ಇಡಬೇಡಿ. ಮೊದಲು ಅವರ ಕಣ್ಣಿಗೆ ಏನು ಕಂಡಿದೆ ಎಂದು ತಿಳಿಯಿರಿ. ಕುಶಲ ಕೇಳಿದ ಮೇಲೆ ಹೀಗೆ ಶುರುಮಾಡಬಹುದು: "ಕಳೆದ ತಿಂಗಳ ಗ್ರಾಹಕರ ವರದಿಯ ಬಗ್ಗೆ ಇವತ್ತು ಮಾತಾಡೋಣ ಅಂದುಕೊಂಡೆ. ಅದನ್ನು ಬರೆಯುವಾಗ ಎಲ್ಲಿ ತಡೆಯಿತು?" ಕೇಳಿದ ಮೇಲೆ ಸುಮ್ಮನಿರಿ. ಹತ್ತು ಸೆಕೆಂಡಿನ ಮೌನ ಬಹಳ ಉದ್ದ ಅನ್ನಿಸುತ್ತದೆ, ತುಂಬಿಸಲು ಬಾಯಿ ತವಕಿಸುತ್ತದೆ. ತುಂಬಿಸಿದರೆ ಅವರು ನಿಮ್ಮ ಮಾತಿಗೆ ತಲೆಯಾಡಿಸುತ್ತಾರೆ ಅಷ್ಟೇ.

ಈ ಉದಾಹರಣೆಯಲ್ಲಿ ಅವರು ಹೇಳಬಹುದಾದ್ದು: "ಬರೆಯುವುದು ಕಷ್ಟ ಅಲ್ಲ ಸರ್. ಆದರೆ ನೀವು ಹೇಗಿದ್ದರೂ ಬದಲಾಯಿಸುತ್ತೀರಿ, ಅದಕ್ಕೆ ಡೇಟಾ ಎಲ್ಲ ಹಾಕಿ ಕೊಟ್ಟುಬಿಡುತ್ತೇನೆ." ಇಂಥ ಉತ್ತರ ಬಂದರೆ ಅದು ಒಳ್ಳೆಯ ಸೂಚನೆ. ನೀವು ತಿದ್ದುವುದೇ ಅವರು ಕಲಿಯದಿರಲು ಒಂದು ಕಾರಣ ಎಂದು ಈಗ ತಿಳಿಯಿತು. ತಿದ್ದಿದ ಪ್ರತಿ ಅವರಿಗೆ ಸಿಕ್ಕರೂ ಯಾಕೆ ತಿದ್ದಿದಿರಿ ಎಂದು ಯಾರೂ ಹೇಳಿಲ್ಲ. ಸಮರ್ಥಿಸಿಕೊಳ್ಳದೆ "ಅದು ಸರಿ, ನಾನು ಕಾರಣ ಹೇಳದೆ ತಿದ್ದುತ್ತಿದ್ದೆ" ಎಂದು ಒಪ್ಪಿಕೊಳ್ಳಿ. ಆಮೇಲೆ ಎರಡೂ ಪ್ರತಿ ಮೇಜಿನ ಮೇಲಿಟ್ಟು ಕೇಳಿ: "ಎರಡನ್ನೂ ನೋಡಿದರೆ ನಿಮಗೆ ಏನು ವ್ಯತ್ಯಾಸ ಕಾಣುತ್ತದೆ?" ಅವರಾಗಿಯೇ ಹೇಳಿದರೆ ಒಳ್ಳೆಯದು. ಹೇಳದಿದ್ದರೆ ಆಗ ನೀವು ಕಂಡದ್ದನ್ನು ಹೇಳಿ, ಮೂರು ಭಾಗವಾಗಿ: ಎಲ್ಲಿ ಕಂಡಿರಿ, ಏನು ಕಂಡಿರಿ, ಅದರಿಂದ ಏನಾಯಿತು. "ನಿಮ್ಮ ವರದಿಯಲ್ಲಿ ಬೆಲೆ ಬದಲಾಯಿಸಬೇಕೇ ಅನ್ನುವ ವಿಷಯ ಎರಡನೇ ಪುಟದಲ್ಲಿತ್ತು. ಮೊದಲ ಪುಟ ಮಾತ್ರ ಓದಿದವರಿಗೆ ಅದು ಗೊತ್ತಾಗುತ್ತಿರಲಿಲ್ಲ." ಇದರಲ್ಲಿ ಅವರ ಸ್ವಭಾವದ ಬಗ್ಗೆ ಒಂದು ಮಾತೂ ಇಲ್ಲ. ವಾದ ಮಾಡಲು ಅವಕಾಶವೂ ಕಡಿಮೆ, ಕಾಗದ ಎದುರಿಗೇ ಇದೆ.

ಇಲ್ಲಿಗೆ ಅರ್ಧ ಗಂಟೆ ಕಳೆದಿರುತ್ತದೆ. ಉಳಿದ ಸಮಯದಲ್ಲಿ ಮುಂದಿನ ತಿಂಗಳಿನ ಒಪ್ಪಂದ ಆಗಬೇಕು. ಅದನ್ನು ಇಬ್ಬರೂ ತೆರೆಯಬಹುದಾದ ಒಂದೇ ಕಡತದಲ್ಲಿ, ಮೀಟಿಂಗ್ ಮುಗಿಯುವ ಮುಂಚೆ, ಅವರ ಕೈಯಿಂದಲೇ ಬರೆಸಿ. ಇದರಲ್ಲಿ ಐದು ವಿಷಯ ಇರಬೇಕು: ಯಾವ ಕೌಶಲ, ಯಾವ ನಿಜವಾದ ಕೆಲಸದಲ್ಲಿ, ಯಾವ ದಿನದೊಳಗೆ, ನೀವು ಏನು ಮಾಡುತ್ತೀರಿ, ಆಯಿತೋ ಇಲ್ಲವೋ ಎಂದು ಹೇಗೆ ತಿಳಿಯುತ್ತದೆ. ನಮ್ಮ ಉದಾಹರಣೆಗೆ ಅದು ಹೀಗಿರಬಹುದು:

"ಮುಂದಿನ ವರದಿಯ ಮೊದಲ ಮೂರು ಸಾಲಿನಲ್ಲಿ ಬೇಕಾದ ನಿರ್ಧಾರ, ಅದರ ಗಡುವು, ತಡವಾದರೆ ಆಗುವ ಪರಿಣಾಮ ಬರೆಯುತ್ತೇನೆ. ಕರಡು 22ಕ್ಕೆ ಕೊಡುತ್ತೇನೆ. ಮ್ಯಾನೇಜರ್ ಅದನ್ನು ತಿದ್ದುವುದಿಲ್ಲ, ಅಂಚಿನಲ್ಲಿ ಪ್ರಶ್ನೆ ಮಾತ್ರ ಬರೆದು 23ಕ್ಕೆ ವಾಪಸ್ ಕೊಡುತ್ತಾರೆ. ವರದಿ 25ಕ್ಕೆ ಹೋಗುತ್ತದೆ. ಗ್ರಾಹಕರು 'ನಮ್ಮಿಂದ ಏನು ಬೇಕು?' ಎಂದು ತಿರುಗಿ ಕೇಳದೆ ಉತ್ತರ ಕೊಟ್ಟರೆ ಕೆಲಸವಾಯಿತು."

ಈ ಬರಹದಲ್ಲಿ ಅತಿ ಮುಖ್ಯ ಸಾಲು ನಿಮ್ಮದು, "ತಿದ್ದುವುದಿಲ್ಲ" ಅನ್ನುವುದು. ಎಲ್ಲ ಕೆಲಸವೂ ಅವರ ಹೆಸರಿನಲ್ಲೇ ಇದ್ದರೆ ಅದು ಅವರಿಗೆ ಇನ್ನೊಂದು ಹೊರೆ ಮಾತ್ರ. ಅವರು ಬೆಳೆಯಬೇಕಾದರೆ ನೀವು ಏನನ್ನಾದರೂ ಬಿಟ್ಟುಕೊಡಬೇಕಾಗುತ್ತದೆ: ಒಂದು ನಿರ್ಧಾರ, ಒಂದು ಮೀಟಿಂಗಿನಲ್ಲಿ ನಿಮ್ಮ ಜಾಗ, ಅಥವಾ ಅವರ ತಲೆಯ ಮೇಲಿನ ಬೇರೊಂದು ಕೆಲಸ. ಸಮಯ ಎಲ್ಲಿಂದ ಬರುತ್ತದೆ ಎಂದೂ ಅಲ್ಲೇ ತೀರ್ಮಾನಿಸಿ. ಹೊಸದಾಗಿ ಬರೆಯಲು ಎರಡು ಗಂಟೆ ಹೆಚ್ಚು ಬೇಕಾದರೆ ಆ ವಾರ ಯಾವುದನ್ನು ಮುಂದೂಡಬಹುದು? ಇದನ್ನು ಹೇಳದೆ ಬಿಟ್ಟರೆ ಕಲಿಕೆ ಅವರ ರಾತ್ರಿಯ ಸಮಯಕ್ಕೆ ಹೋಗಿ ಬೀಳುತ್ತದೆ, ಎರಡನೇ ತಿಂಗಳಿಗೆ ನಿಂತುಹೋಗುತ್ತದೆ.

ಎರಡನೇ ತಿಂಗಳ ಮೀಟಿಂಗ್ ಈ ಬರಹದಿಂದಲೇ ಶುರುವಾಗಬೇಕು. ಮೊದಲ ಹತ್ತು ನಿಮಿಷ ಹಳೆಯ ವರದಿಯನ್ನೂ ಹೊಸದನ್ನೂ ಒಟ್ಟಿಗೆ ನೋಡಿ. ಮೂರು ಸಾಲು ಬಂದಿದೆ, ಗಡುವು ಇದೆ, ಆದರೆ ಪರಿಣಾಮದ ಸಾಲು ಜಾರಿಕೊಂಡಿದೆ: "ತಡವಾದರೆ ಸಮಸ್ಯೆ ಆಗಬಹುದು" ಎಂದಷ್ಟೇ ಬರೆದಿದ್ದಾರೆ. ಈಗ ಕೇಳಬೇಕಾದದ್ದು "ಯಾಕೆ ಹೀಗೆ ಬರೆದಿರಿ?" ಎಂದಲ್ಲ. "ಯಾಕೆ" ಅಂದ ಕೂಡಲೇ ಜನ ಕಾರಣ ಹುಡುಕುತ್ತಾರೆ. "ಇದನ್ನು ಖಚಿತವಾಗಿ ಬರೆಯಲು ಏನು ಗೊತ್ತಿರಬೇಕಿತ್ತು?" ಎಂದು ಕೇಳಿ. ಗ್ರಾಹಕರ ಕಡೆಯ ಬಜೆಟ್ ಯಾವಾಗ ಮುಚ್ಚುತ್ತದೆ ಅನ್ನುವುದು ಗೊತ್ತಿರಲಿಲ್ಲ ಎಂದು ಹೊರಬರಬಹುದು. ಅಂದರೆ ಮುಂದಿನ ಮೆಟ್ಟಿಲು ಬರವಣಿಗೆಯದ್ದಲ್ಲ, ಗ್ರಾಹಕರ ಜೊತೆ ನೇರ ಮಾತಾಡುವುದು. ಮೂರನೇ ತಿಂಗಳ ಒಪ್ಪಂದ: ವರದಿ ಬರೆಯುವ ಮುಂಚೆ ಅವರೇ ಗ್ರಾಹಕರಿಗೆ 15 ನಿಮಿಷದ ಕರೆ ಮಾಡುತ್ತಾರೆ, ನೀವು ಕರೆಯಲ್ಲಿದ್ದರೂ ಮಾತಾಡುವುದಿಲ್ಲ. ಆ ಹತ್ತು ನಿಮಿಷದ ಹೋಲಿಕೆ ಇಲ್ಲದೆ ಹೋಗಿದ್ದರೆ ಈ ಕೊರತೆ ಯಾವ ಪಟ್ಟಿಯಲ್ಲೂ ಸಿಗುತ್ತಿರಲಿಲ್ಲ.

ಕೆಲಸದ ಒತ್ತಡದಲ್ಲಿ ಆ ತಿಂಗಳು ಒಪ್ಪಿದ್ದು ನಡೆಯದೇ ಇದ್ದರೆ? ಒಂದು ಸಲಕ್ಕೆ ಅದೇ ಒಪ್ಪಂದವನ್ನು ಮುಂದಿನ ತಿಂಗಳಿಗೆ ಹಾಕಿ, ತಡೆದದ್ದು ಏನು ಎಂದು ಒಂದು ಸಾಲು ಬರೆಯಿರಿ. ಎರಡನೇ ಸಲವೂ ಹಾಗೇ ಉಳಿದರೆ ಅದನ್ನು ಮೂರನೇ ಸಲ ಮುಂದೂಡಬೇಡಿ. ಮೆಟ್ಟಿಲು ತುಂಬ ಎತ್ತರವಾಗಿದೆ, ಇಲ್ಲವೇ ಅವರಿಗೆ ಅದು ಬೇಕಿಲ್ಲ, ಇಲ್ಲವೇ ನೀವು ಕೊಡುತ್ತೇನೆ ಅಂದದ್ದನ್ನು ಕೊಟ್ಟಿಲ್ಲ. ಈ ಮೂರರಲ್ಲಿ ಯಾವುದು ಎಂದು ಕೇಳಿ ತಿಳಿದುಕೊಂಡು ಅರ್ಧಕ್ಕೆ ಇಳಿಸಿ, ಅಥವಾ ಕೈಬಿಟ್ಟು ಬೇರೆ ಕೆಲಸ ಆರಿಸಿ.

"ಬೇಕಿಲ್ಲ" ಅನ್ನುವುದು ನಿಜವಾದ ಉತ್ತರವೂ ಆಗಿರಬಹುದು. ಬಡ್ತಿ ಬೇಡ, ಇದ್ದ ಕೆಲಸವನ್ನೇ ಚೆನ್ನಾಗಿ ಮಾಡಿಕೊಂಡಿರುತ್ತೇನೆ ಅನ್ನುವವರು ಎಲ್ಲ ಟೀಮಿನಲ್ಲೂ ಇರುತ್ತಾರೆ. ಅವರನ್ನು ಮೇಲಕ್ಕೆ ತಳ್ಳುವುದು ಬೆಳವಣಿಗೆಯಲ್ಲ. ಅವರ ಮಟ್ಟಿಗೆ ಮುಂದಿನ ಮೆಟ್ಟಿಲು ಇನ್ನೂ ಕಠಿಣವಾದ ಪ್ರಕರಣಗಳನ್ನು ಕೈಗೆತ್ತಿಕೊಳ್ಳುವುದು ಆಗಿರಬಹುದು, ಹೊಸಬರಿಗೆ ಕಲಿಸುವುದು ಆಗಿರಬಹುದು, ಅವರ ತಲೆಯಲ್ಲಿ ಮಾತ್ರ ಇರುವ ಒಂದು ವಿಧಾನವನ್ನು ಬರೆದಿಡುವುದೂ ಆಗಿರಬಹುದು. ಅವರಿಗೆ ಏನು ಬೇಕು ಎಂದು ತಿಳಿಯಲು "ನಿಮ್ಮ ಗುರಿ ಏನು?" ಎಂದು ಕೇಳುವುದಕ್ಕಿಂತ "ಕಳೆದ ಮೂರು ತಿಂಗಳಲ್ಲಿ ಯಾವ ಕೆಲಸ ಮತ್ತೆ ಸಿಕ್ಕರೆ ಖುಷಿಯಾಗುತ್ತದೆ, ಯಾವುದು ಬೇರೆಯವರಿಗೆ ಹೋದರೆ ನಿರಾಳವಾಗುತ್ತದೆ?" ಎಂದು ಕೇಳುವುದು ಹೆಚ್ಚು ಫಲ ಕೊಡುತ್ತದೆ. ಆಗಿಹೋದ ಕೆಲಸದ ಬಗ್ಗೆ ಎಲ್ಲರಿಗೂ ಒಂದು ಅಭಿಪ್ರಾಯ ಇರುತ್ತದೆ. ಈ ಪ್ರಶ್ನೆಯನ್ನು ಮೂರು ತಿಂಗಳಿಗೊಮ್ಮೆ ಕೇಳಿದರೆ ಸಾಕು. ಪ್ರತಿ ತಿಂಗಳೂ ಕೇಳಿದರೆ ಯಾಂತ್ರಿಕವಾಗುತ್ತದೆ.

ಸಂಬಳ, ಬಡ್ತಿಯ ಮಾತು ಇಲ್ಲಿ ಬಂದೇ ಬರುತ್ತದೆ. "ಇದನ್ನು ಕಲಿತರೆ ಪ್ರಮೋಷನ್ ಆಗುತ್ತದಾ ಸರ್?" ಎಂದು ಕೇಳಿದರೆ ನಿಮ್ಮ ಕೈಯಲ್ಲಿರುವುದನ್ನು ಮಾತ್ರ ಹೇಳಿ. ಮುಂದಿನ ಹುದ್ದೆಗೆ ಏನೇನು ನೋಡುತ್ತಾರೆ, ಅದರಲ್ಲಿ ಇದು ಯಾವ ಭಾಗ, ತೀರ್ಮಾನ ಯಾರದು, ಯಾವಾಗ, ಇಷ್ಟು ಹೇಳಬಹುದು. "ನೋಡೋಣ, ಖಂಡಿತ ಆಗುತ್ತದೆ" ಎಂದು ಧೈರ್ಯ ತುಂಬಲು ಹೇಳಿದ ಮಾತನ್ನು ಅವರು ಭರವಸೆ ಎಂದೇ ತೆಗೆದುಕೊಳ್ಳುತ್ತಾರೆ. ಆಗದಿದ್ದಾಗ ಮುಂದಿನ ಯಾವ ಒನ್-ಆನ್-ಒನ್‌ನಲ್ಲೂ ಮನಸ್ಸು ಬಿಚ್ಚುವುದಿಲ್ಲ. ವಿವರವಾಗಿ ಮಾತಾಡಬೇಕಿದ್ದರೆ ಬೇರೆ ದಿನ ಗೊತ್ತುಮಾಡಿ.

ಹಾಗೆಯೇ, ಒಬ್ಬರ ಕೆಲಸ ನಿಜವಾಗಿ ಮಟ್ಟಕ್ಕಿಂತ ಕೆಳಗಿದ್ದರೆ ಅದನ್ನು ಬೆಳವಣಿಗೆಯ ಮಾತಿನ ಒಳಗೆ ಮುಚ್ಚಿ ಹೇಳಬೇಡಿ. ಗಡುವು ಪದೇಪದೇ ತಪ್ಪುತ್ತಿದೆ, ಹೀಗೇ ಮುಂದುವರಿದರೆ ತೊಂದರೆ ಎಂದಾದರೆ ಅದನ್ನು ಬೇರೆಯಾಗಿ, ಸ್ಪಷ್ಟವಾಗಿ, ಗೊತ್ತಾದ ವಾರವೇ ಹೇಳಬೇಕು. "ಇದು ನಿಮಗೆ ಒಂದು ಕಲಿಕೆಯ ಅವಕಾಶ" ಎಂದು ಸುತ್ತಿ ಹೇಳಿದರೆ ಅವರಿಗೆ ಅಪಾಯ ಅರ್ಥವಾಗುವುದಿಲ್ಲ. ಆಮೇಲೆ ಅರ್ಥವಾದಾಗ ಈ ಮೀಟಿಂಗಿನ ಮೇಲಿನ ನಂಬಿಕೆಯೇ ಹೋಗುತ್ತದೆ. ನಂಬಿಕೆಯ ಇನ್ನೊಂದು ಭಾಗ ಬರಹದ್ದು. ಹಂಚಿಕೊಂಡ ಕಡತದಲ್ಲಿ ಒಪ್ಪಂದ ಮತ್ತು ಕೆಲಸದ ವಿಚಾರ ಮಾತ್ರ ಇರಲಿ. ಮನೆಯ ಕಷ್ಟ, ಆರೋಗ್ಯ, ಸಹೋದ್ಯೋಗಿಯ ಜೊತೆಗಿನ ಮನಸ್ತಾಪ ಹೇಳಿಕೊಂಡರೆ ಅದನ್ನು ಬರೆಯಬೇಡಿ. ಆದರೆ ಒಂದು ವಿಷಯ ಮೊದಲೇ ತಿಳಿಸಿ: ಕಿರುಕುಳ, ಸುರಕ್ಷತೆಯಂಥ ದೂರು ಬಂದರೆ ಅದನ್ನು ನಿಮ್ಮಲ್ಲೇ ಇಟ್ಟುಕೊಳ್ಳಲು ಆಗುವುದಿಲ್ಲ, ಸಂಬಂಧಪಟ್ಟವರಿಗೆ ತಿಳಿಸಲೇಬೇಕಾಗುತ್ತದೆ.

ಮೀಟಿಂಗ್ ಹಳಿ ತಪ್ಪುತ್ತಿದೆ ಎಂದು ತಿಳಿಯಲು ಎರಡು ತಿಂಗಳ ಬರಹ ತೆಗೆದು ನೋಡಿದರೆ ಸಾಕು. ಒಪ್ಪಂದಗಳೆಲ್ಲ "ಕೋರ್ಸ್ ಮುಗಿಸುವುದು", "ಓದುವುದು" ಎಂದೇ ಇದ್ದರೆ ಕಲಿಕೆ ಅವರ ನಿಜವಾದ ಕೆಲಸವನ್ನು ಮುಟ್ಟುತ್ತಿಲ್ಲ. ಕೋರ್ಸ್ ಬೇಡವೆಂದಲ್ಲ. ಅದರಲ್ಲಿ ಕಲಿತದ್ದು ಆ ತಿಂಗಳು ಯಾವ ಕೆಲಸದಲ್ಲಿ ಬಳಕೆಯಾಗುತ್ತದೆ ಎಂದು ಬರೆಯಲು ಆಗದಿದ್ದರೆ ಅದಕ್ಕೆ ಇನ್ನೂ ಸಮಯ ಬಂದಿಲ್ಲ. ನಿಮ್ಮ ಹೆಸರಿನಲ್ಲಿ ಒಂದೂ ಸಾಲು ಇಲ್ಲದಿದ್ದರೆ ನೀವು ಏನೂ ಬಿಟ್ಟುಕೊಟ್ಟಿಲ್ಲ. ಮೀಟಿಂಗಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ನೀವೇ ಮಾತಾಡಿದ್ದರೆ ಅದು ಉಪದೇಶವಾಗಿದೆ. ಮೀಟಿಂಗ್ ರದ್ದಾಗುತ್ತಿದ್ದರೆ ಅದು ಎಲ್ಲಕ್ಕಿಂತ ಕೆಟ್ಟ ಲಕ್ಷಣ. ಬೇರೆ ತುರ್ತು ಬಂದರೆ ಅದೇ ವಾರದೊಳಗೆ ಇನ್ನೊಂದು ದಿನಕ್ಕೆ ಸರಿಸಿ, ಹೊಸ ಸಮಯವನ್ನು ಹಾಕಿಯೇ ಹಳೆಯದನ್ನು ತೆಗೆಯಿರಿ.

ಆರೂ ಜನರ ಜೊತೆ ಒಂದೇ ತಿಂಗಳಲ್ಲಿ ಇದನ್ನು ಶುರುಮಾಡಬೇಡಿ. ಮೊದಲ ತಿಂಗಳು ಇಬ್ಬರನ್ನು ಆರಿಸಿಕೊಳ್ಳಿ, ಉಳಿದ ನಾಲ್ವರ ಮೀಟಿಂಗ್ ಇದ್ದಂತೆಯೇ ನಡೆಯಲಿ, ಅವರಿಗೂ ಯಾವ ತಿಂಗಳಿಂದ ಬದಲಾಗುತ್ತದೆ ಎಂದು ಹೇಳಿಬಿಡಿ. ಬದಲಾವಣೆಯ ಕಾರಣವನ್ನು ಮುಂಚೆಯೇ ಎರಡು ಸಾಲು ಬರೆದು ಕಳಿಸಿ. ಇಲ್ಲದಿದ್ದರೆ ಇದ್ದಕ್ಕಿದ್ದಂತೆ ಅವರ ಹಳೆಯ ವರದಿಯನ್ನು ಮೇಜಿನ ಮೇಲಿಟ್ಟಾಗ ವಿಚಾರಣೆ ಎಂದೇ ಭಾವಿಸುತ್ತಾರೆ. ಹೀಗೆ ಬರೆಯಬಹುದು: "ಈ ತಿಂಗಳಿಂದ ನಮ್ಮ ಒನ್-ಆನ್-ಒನ್‌ನ ಮೊದಲ 45 ನಿಮಿಷ ನಿಮ್ಮ ಕಲಿಕೆಗೆ. ನೀವು ಕಳೆದ ತಿಂಗಳು ಮಾಡಿದ್ದರಲ್ಲಿ ಮಾತಾಡಬೇಕು ಅನ್ನಿಸುವ ಒಂದು ಕೆಲಸ ಆರಿಸಿಕೊಂಡು ಬನ್ನಿ, ನಾನೂ ಒಂದು ತರುತ್ತೇನೆ. ಇದು ಅಪ್ರೈಸಲ್ ಅಲ್ಲ." ಅವರು ತಂದ ಕೆಲಸ ನಿಮ್ಮದಕ್ಕಿಂತ ಚಿಕ್ಕದು ಅನ್ನಿಸಿದರೂ ಮೊದಲ ಸಲ ಅದನ್ನೇ ತೆಗೆದುಕೊಳ್ಳಿ, ನಿಮ್ಮದು ಮುಂದಿನ ತಿಂಗಳಿಗೆ ಇರಲಿ.